ಭೂತದ ಹಡಗಿನ ಲೊಕೇಶನ್

ನನ್ನ ಫೋನನ್ನು ಯಾರಾದರೂ ಕಿತ್ತುಕೊಂಡು ನೋಡಿದರೆ ನನ್ನ ಮಾನ ಹೋಗುವಂಥದ್ದು ಏನೂ ಸಿಗಲಿಕ್ಕಿಲ್ಲ. ದಿನಾ ಬೆಳಿಗ್ಗೆ ಯಾರ್ಯಾರೋ ಕಳಿಸುವ ಗುಲಾಬಿ ಹೂಗಳು, ಕರೆಂಟು ಬಿಲ್ಲು, ಹಾಗಲಕಾಯಿ ರಸದ ಮಹಾತ್ಮೆ. ಇವುಗಳ ನಡುವೆ ಒಂದು ಆ್ಯಪ್ ಇದೆ. ಅದನ್ನು ಒತ್ತಿದರೆ ಇಡೀ ಅರಬ್ಬೀ ಸಮುದ್ರ ಅಂಗೈಗೆ ಬರುತ್ತದೆ. ನೀಲಿಯ ಮೇಲೆ ಕೆಂಪು, ಹಸಿರು ಬಾಣದ ಗುರುತುಗಳು. ಒಂದೊಂದು ಗುರುತೂ ಒಂದೊಂದು ಹಡಗು. ಬೆರಳಿಟ್ಟರೆ ಅದರ ಹೆಸರು, ವೇಗ, ಎಲ್ಲಿಂದ ಎಲ್ಲಿಗೆ, ಎಲ್ಲ ಹೇಳಿಬಿಡುತ್ತದೆ. ನಮ್ಮ ಸಿಟಿ ಬಸ್ಸುಗಳಿಗೆ ಇಷ್ಟು ಸತ್ಯ ಹೇಳುವ ಅಭ್ಯಾಸವಿಲ್ಲ.

ಮೂವತ್ತನಾಲ್ಕು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ಮಂಗಳೂರಿನ ಉರ್ವದ ಮನೆಯಲ್ಲಿ ನಿವೃತ್ತನಾಗಿ ಕುಳಿತವನಿಗೆ ಹಡಗಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ನನ್ನ ಹೆಂಡತಿಯೂ ಕೇಳಿದ್ದಾಳೆ. ನನ್ನ ಜೀವಮಾನದ ಒಟ್ಟು ಜಲಯಾನ ಎಂದರೆ ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದೋಣಿಯಲ್ಲಿ ನದಿ ದಾಟಿದ್ದು. ಐದು ನಿಮಿಷದ ದಾರಿ. ಆಗಲೂ ನಾನು ದೋಣಿಯ ಕಂಬಿ ಹಿಡಿದುಕೊಂಡಿದ್ದೆ, ಅವಳು ನನ್ನನ್ನು ಹಿಡಿದುಕೊಂಡಿದ್ದಳು. ಇಂಥವನ ಕೈಯಲ್ಲಿ ಸಮುದ್ರ ಬಂದು ಕುಳಿತ ಕತೆ ಹೇಳಬೇಕಾದರೆ ಕಾಸ್ಮಿರ್ ಪೊರ್ಬುಗಳಿಂದ ಶುರು ಮಾಡಬೇಕು.

ಪೊರ್ಬು ಎಂದರೆ ನಮ್ಮ ತುಳುವರು ಕ್ರೈಸ್ತ ಹಿರಿಯರನ್ನು ಗೌರವದಿಂದ ಕರೆಯುವ ಮಾತು. ಕಾಸ್ಮಿರ್ ಪೊರ್ಬುಗಳ ಮನೆ ನಮ್ಮದರ ಪಕ್ಕದಲ್ಲೇ, ನಡುವೆ ಒಂದು ದಾಸವಾಳದ ಬೇಲಿ. ಅವರು ತಾರ್ವೊಟಿ. ಕೊಂಕಣಿಯಲ್ಲಿ ಹಾಗೆಂದರೆ ಹಡಗಿನಲ್ಲಿ ದುಡಿಯುವವನು. ವರ್ಷದಲ್ಲಿ ಒಂಬತ್ತು ತಿಂಗಳು ಕಡಲಲ್ಲಿ, ಮೂರು ತಿಂಗಳು ನಮ್ಮ ಜಗಲಿಯಲ್ಲಿ. ಅವರಿಗೆ ಸ್ವಂತ ಜಗಲಿ ಇರಲಿಲ್ಲವೆಂದಲ್ಲ. ಅಲ್ಲಿ ಅವರ ಕತೆ ಕೇಳಿ ಕೇಳಿ ಸುಸ್ತಾದ ಹೆಂಡತಿ ಇದ್ದರು. ನಮ್ಮ ಜಗಲಿಯಲ್ಲಿ ಹತ್ತು ವರ್ಷದ ನಾನಿದ್ದೆ, ಬಾಯಿ ತೆರೆದುಕೊಂಡು.

ಅವರ ಕತೆಗಳ ರಾಜ ಒಬ್ಬ ಡಚ್ ಕಪ್ತಾನ. ಆಫ್ರಿಕದ ತುದಿಯಲ್ಲಿ ಒಂದು ಭೂಶಿರ, ಅಲ್ಲಿ ಸದಾ ಎದುರುಗಾಳಿ. ನಾವಿಕರೆಲ್ಲ ಕೈಮುಗಿದು ಹಿಂದೆ ತಿರುಗೋಣ ಎಂದರು. ಕಪ್ತಾನ ಕುಡಿದು ಮೇಜು ಗುದ್ದಿ ಆಣೆ ಹಾಕಿದನಂತೆ: ಲೋಕದ ಕೊನೆಯ ದಿನದವರೆಗೆ ಆದರೂ ಸರಿ, ಈ ಭೂಶಿರ ದಾಟಿಯೇ ತೀರುತ್ತೇನೆ. ಮೇಲೆ ಯಾರೋ ಅದನ್ನು ಕೇಳಿಸಿಕೊಂಡು ತಥಾಸ್ತು ಎಂದರು. ಅಂದಿನಿಂದ ಆ ಹಡಗು ಬಂದರು ಕಾಣದೆ ತಿರುಗುತ್ತಲೇ ಇದೆ. ಬಿರುಗಾಳಿಯ ಮುಂಚೆ ಎದುರಾಗುತ್ತದೆ, ಗಾಳಿಗೆ ವಿರುದ್ಧವಾಗಿ ಹಾಯಿ ಉಬ್ಬಿಸಿಕೊಂಡು. ಅದರಿಂದ ಒಂದು ಸಣ್ಣ ದೋಣಿ ಇಳಿದು ಬಂದು ಕಾಗದಗಳ ಕಟ್ಟು ಕೊಡುತ್ತದೆ, ದಯವಿಟ್ಟು ಊರಿಗೆ ತಲುಪಿಸಿ ಎಂದು. ವಿಳಾಸ ಓದಿದರೆ ಎಲ್ಲ ಸತ್ತು ನೂರು ವರ್ಷ ಆದವರದ್ದು. ಕಾಗದ ತೆಗೆದುಕೊಂಡ ಹಡಗಿಗೆ ಕೇಡು ತಪ್ಪಿದ್ದಲ್ಲ.

ಪೊರ್ಬುಗಳು ಇದನ್ನೆಲ್ಲ ತುಳುವಿನಲ್ಲಿ ಹೇಳುತ್ತಿದ್ದರು. ಆ ಪ್ರೇತದ ಹಡಗಿಗೆ ತುಳುವಿನಲ್ಲಿ ಬೇರೆ ಮಾತು ಸಿಗದೆ 'ಭೂತದ ಹಡಗು' ಎಂದರು. ತಪ್ಪಾದದ್ದು ಅಲ್ಲೇ. ಒಳಗೆ ಬಂಗುಡೆ ಮೀನು ಕೊಯ್ಯುತ್ತಿದ್ದ ನನ್ನ ಅಜ್ಜಿಗೆ ಭೂತ ಎಂದರೆ ಹೆದರುವ ವಸ್ತುವೇ ಅಲ್ಲ. ಭೂತ ನಮ್ಮ ಮನೆಯ ದೈವ, ವರ್ಷಕ್ಕೊಮ್ಮೆ ಕೋಲ ಕೊಟ್ಟರೆ ಮಕ್ಕಳುಮರಿಗಳನ್ನು ಕಾಯುವ ಹಿರಿಯ. ಅಜ್ಜಿ ಕೈ ತೊಳೆಯದೆ ಜಗಲಿಗೆ ಬಂದಳು.

"ಯಾವ ಭೂತ ಪೊರ್ಬುಗಳೇ ಅದು?" ಎಂದು ಕೇಳಿದಳು. ಮಾತೆಲ್ಲ ತುಳುವಿನದ್ದು, ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅದು ನಿಮ್ಮ ಭೂತ ಅಲ್ಲ ಮಾರಾಯ್ತಿ. ಡಚ್ಚಿನವನು. ಶಾಪ ಉಂಟು ಅವನಿಗೆ."

"ಶಾಪ ಎಂತದ್ದು? ಅವನ ಮನೆಯವರು ಯಾರೂ ಇಲ್ವಾ? ಇಷ್ಟು ವರ್ಷ ತಿರುಗ್ತಾ ಉಂಟು ಅಂದ್ರೆ ಕೇಳುವವರು ಯಾರೂ ಇಲ್ಲ ಅಂತ ಆಯ್ತು. ದಡದಲ್ಲಿ ಒಂದು ಕಲ್ಲು ಹಾಕಿ, ವರ್ಷಕ್ಕೊಂದು ಕೋಲ ಕೊಟ್ರೆ ಅವನು ಯಾಕೆ ತಿರುಗ್ತಾನೆ? ನಮ್ಮ ಬೊಬ್ಬರ್ಯ ತಿರುಗ್ತಾನಾ?"

ಬೊಬ್ಬರ್ಯನೂ ಕಡಲಿನಲ್ಲಿ ಜೀವ ಬಿಟ್ಟ ಹಡಗಿನವನೇ. ಹಾಗೆಂದು ನಮ್ಮ ಕರಾವಳಿಯ ನಂಬಿಕೆ. ಬ್ಯಾರಿ, ಅಂದರೆ ಕರಾವಳಿಯ ಮುಸ್ಲಿಂ ವ್ಯಾಪಾರಿಯೊಬ್ಬನ ಮನೆಯ ಮಗ ಎಂದು ಹೇಳುತ್ತಾರೆ. ಆದರೆ ಸತ್ತ ಮೇಲೆ ಅವನನ್ನು ಇಲ್ಲಿನವರು ಶಪಿಸಲಿಲ್ಲ, ಗುಡಿ ಕಟ್ಟಿ ಕಡಲ ಕಾವಲಿಗೆ ಇಟ್ಟುಕೊಂಡರು. ಇವತ್ತಿಗೂ ಮೀನಿಗೆ ಹೋಗುವ ಮೊಗವೀರರು ಅವನಿಗೆ ಕೈಮುಗಿದೇ ದೋಣಿ ಇಳಿಸುತ್ತಾರೆ. ಯುರೋಪಿನವರು ನಾಲ್ಕು ಶತಮಾನದಿಂದ ಓಡಿಸುತ್ತಿರುವ ಒಬ್ಬ ಬಡಪಾಯಿಯ ಸಮಸ್ಯೆಯನ್ನು ನನ್ನ ಅಜ್ಜಿ ಬಂಗುಡೆಯ ಕೈಯಲ್ಲೇ ಎರಡು ನಿಮಿಷದಲ್ಲಿ ಬಗೆಹರಿಸಿದಳು. ಪೊರ್ಬುಗಳು ಎದ್ದು ಬೇಲಿ ದಾಟಿ ಮನೆಗೆ ಹೋದರು. ಅಷ್ಟು ಒಳ್ಳೆಯ ಕತೆ ಹಾಳಾದ ದುಃಖವೋ ಏನೋ.

ಮುಂದೆ ನಾನು ಎಂಎಸ್ಸಿ ಮಾಡಿದೆ. ಎಂಎಸ್ಸಿ ಮಾಡಿದವರಿಗೆ ಮೊದಲ ಎರಡು ವರ್ಷ ಲೋಕದಲ್ಲಿ ಯಾರನ್ನೂ ನೆಮ್ಮದಿಯಾಗಿ ಬಿಡಲು ಮನಸ್ಸು ಬರುವುದಿಲ್ಲ. ಪೊರ್ಬುಗಳು ರಜೆಗೆ ಬಂದಾಗ ನಾನು ಮೀನು ಸಾಕುವ ಗಾಜಿನ ಪೆಟ್ಟಿಗೆಯೊಂದನ್ನು ಜಗಲಿಗೆ ತಂದಿಟ್ಟೆ. ಅಡಿಯಲ್ಲಿ ದಪ್ಪ ಸಕ್ಕರೆ ಪಾಕ, ಅದರ ಮೇಲೆ ಕಲಕದ ಹಾಗೆ ಮೆಲ್ಲಗೆ ಸುರಿದ ನೀರು. ಎರಡೂ ಸೇರುವ ಕಡೆ ಒಂದು ದಿನದಲ್ಲಿ ಪಾಕ ಕ್ರಮೇಣ ತೆಳ್ಳಗಾಗುತ್ತ ಹೋಗುತ್ತದೆ. ಪೆಟ್ಟಿಗೆಯ ಆಚೆ ಬದಿಯಲ್ಲಿ ಕಾಗದದ ಮೇಲೆ ಬರೆದ ಒಂದು ಹಡಗು. "ಈ ಬದಿಯಿಂದ ನೋಡಿ ಪೊರ್ಬುಗಳೇ" ಎಂದೆ. ಅವರು ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದರು. ಹಡಗು ತಲೆಕೆಳಗಾಗಿ ತೇಲುತ್ತಿತ್ತು.

ನಾನು ಪಾಠ ಶುರು ಮಾಡಿದೆ. ಆ ಭೂಶಿರದ ಪಕ್ಕದಲ್ಲಿ ಹರಿಯುವುದು ತಣ್ಣೀರಿನ ಪ್ರವಾಹ. ನೀರಿಗೆ ತಾಗಿದ ಗಾಳಿ ತಣ್ಣಗೆ, ದಟ್ಟ. ಮೇಲಿನ ಗಾಳಿ ಬೆಚ್ಚಗೆ, ತೆಳು. ಬೆಳಕು ಯಾವಾಗಲೂ ದಟ್ಟವಾದ ಕಡೆಗೆ ಬಾಗುತ್ತದೆ. ಹಾಗಾಗಿ ದಿಗಂತದ ಕೆಳಗೆ, ಭೂಮಿಯ ಉಬ್ಬಿನ ಆಚೆ ಮರೆಯಾಗಿರುವ ಹಡಗಿನ ಬೆಳಕೂ ಬಾಗಿ ನಮ್ಮ ಕಣ್ಣಿಗೆ ಬರುತ್ತದೆ. ಕಣ್ಣಿಗೆ ಬಾಗಿದ್ದು ಗೊತ್ತಾಗುವುದಿಲ್ಲ, ನೇರ ಬಂತೆಂದೇ ತಿಳಿದು ಹಡಗನ್ನು ಮೇಲೆ ಆಕಾಶದಲ್ಲಿ ಇಡುತ್ತದೆ. ಕೆಲವೊಮ್ಮೆ ತಲೆಕೆಳಗು, ಕೆಲವೊಮ್ಮೆ ಅದರ ಮೇಲೆ ನೆಟ್ಟಗಿನ ಇನ್ನೊಂದು, ಕೆಲವೊಮ್ಮೆ ಕಂಬಗಳು ಎಳೆದ ಹಾಗೆ ಉದ್ದ. ಗಾಳಿ ಕದಡಿದರೆ ಕಣ್ಣೆದುರೇ ಮಾಯ. ಇಷ್ಟೇ ನಿಮ್ಮ ಡಚ್ಚಿನವನು.

ನಾನು ಚಪ್ಪಾಳೆಯ ನಿರೀಕ್ಷೆಯಲ್ಲಿದ್ದೆ. ಪೊರ್ಬುಗಳು ನೆಟ್ಟಗಾಗಿ ಸೊಂಟ ಹಿಡಿದುಕೊಂಡು, "ಹಡಗು ಮೇಲೆ ಕಂಡದ್ದು ಹೇಗೆ ಅಂತ ಆಯ್ತು ಮಾರಾಯ. ಕಂಡ ಹಡಗಿನಲ್ಲಿ ಸತ್ತವರೇ ಇದ್ದಾರೆ ಅಂತ ನಮಗೆ ಯಾಕೆ ಅನಿಸಿದ್ದು? ಅದನ್ನು ಹೇಳು" ಎಂದರು. ನಾನು ಪಾಕದ ಸಾಂದ್ರತೆಯನ್ನು ಇನ್ನೊಮ್ಮೆ ವಿವರಿಸಿದೆ. ಮರುದಿನ ಇರುವೆಗಳು ಬಂದು ಆ ಪೆಟ್ಟಿಗೆಯನ್ನು ವಶಪಡಿಸಿಕೊಂಡವು, ಮತ್ತು ಎರಡು ಕಿಲೋ ಸಕ್ಕರೆಯ ವಿಷಯದಲ್ಲಿ ಅಜ್ಜಿ ನನಗೆ ಹೇಳಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಉತ್ತರವನ್ನು ಅವರೇ ಹೇಳಿದರು, ಆ ರಜೆಯ ಉಳಿದ ದಿನಗಳಲ್ಲಿ ತುಂಡು ತುಂಡಾಗಿ. ನಾಲ್ಕು ಗಂಟೆ ಕಾವಲು, ಎಂಟು ಗಂಟೆ ಬಿಡುವು, ಮತ್ತೆ ನಾಲ್ಕು ಗಂಟೆ ಕಾವಲು. ಕಾವಲೆಂದರೆ ದಿಗಂತದ ಒಂದು ಗೆರೆಯನ್ನು ನೋಡುತ್ತ ನಿಲ್ಲುವುದು, ಅದೂ ನಿದ್ದೆ ಎಂದೂ ಪೂರ್ತಿಯಾಗದ ಕಣ್ಣಿನಿಂದ. ನೋಡಲು ಏನೂ ಇಲ್ಲದ ಕಣ್ಣು ಸುಮ್ಮನಿರುವುದಿಲ್ಲ, ತಾನೇ ಏನಾದರೂ ತಯಾರಿಸುತ್ತದೆ. ಹಳೆಯ ಕಾಲದಲ್ಲಿ ತಿಂಗಳುಗಟ್ಟಲೆ ಹಣ್ಣು ತರಕಾರಿ ಇಲ್ಲದೆ ಒಸಡು ಕೊಳೆತು, ಊರಿನ ನೆನಪಾದರೆ ದೊಡ್ಡ ಗಂಡಸರೂ ಅಳುತ್ತಿದ್ದರಂತೆ. ಬಿಸಿಲಿನ ತಾಪಕ್ಕೆ ಜ್ವರ ಬಂದವರಿಗೆ ಕಡಲೇ ಹಸಿರು ಗದ್ದೆಯಾಗಿ ಕಂಡು, ನಡೆದು ಬರುತ್ತೇನೆ ಎಂದು ಕಟಾಂಜನ ದಾಟಿ ಇಳಿದದ್ದೂ ಉಂಟಂತೆ. "ನನಗೆ ಒಮ್ಮೆ ಉರ್ವ ಮಾರ್ಕೆಟ್ ಕಂಡಿತ್ತು" ಎಂದರು ಪೊರ್ಬುಗಳು. "ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರ ಸಮೇತ. ರೇಟು ಜಾಸ್ತಿ ಹೇಳಿದ್ರು, ಹಾಗಾಗಿ ನಾನು ಇಳಿಯಲಿಲ್ಲ."

ಇನ್ನು ಕೆಲವು ಹಡಗುಗಳು ನಿಜವಾಗಿಯೇ ಜನರಿಲ್ಲದವು. ಮರ ತುಂಬಿದ ಹಡಗು ನೀರು ಹೊಕ್ಕರೂ ಪೂರ್ತಿ ಮುಳುಗುವುದಿಲ್ಲ. ಒಳಗಿರುವ ಮರವೇ ಅದನ್ನು ಎತ್ತಿ ಹಿಡಿಯುತ್ತದೆ. ಮುಳುಗಿತೆಂದು ಹೆದರಿ ಜನ ಸಣ್ಣ ದೋಣಿಯಲ್ಲಿ ಪಾರಾಗುತ್ತಾರೆ, ಅಥವಾ ಆಗುವುದಿಲ್ಲ. ಹಡಗು ಮಾತ್ರ ಪ್ರವಾಹ ಹಿಡಿದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸಾಗರ ಸುತ್ತುತ್ತದೆ. ಎದುರು ಸಿಕ್ಕವರು ಕೂಗಿ ಕರೆದರೆ ಯಾರೂ ಓಗೊಡುವುದಿಲ್ಲ. ಬಿರುಗಾಳಿಯ ಮುಂಚೆ ಮೋಡದ ವಿದ್ಯುತ್ತಿಗೆ ಕಂಬದ ತುದಿಯಲ್ಲಿ ನೀಲಿ ಬೆಂಕಿ ಬುಸುಗುಡುತ್ತ ಉರಿಯುತ್ತದೆ, ಸುಡುವುದಿಲ್ಲ. ಹಡಗು ಕದಡಿದ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಹೊಳೆಯುತ್ತವೆ. ಇವೆಲ್ಲಕ್ಕೂ ನನ್ನ ಬಳಿ ಸಮೀಕರಣವಿತ್ತು.

"ಆದರೆ ಮುಖ್ಯ ವಿಷಯ ಅದಲ್ಲ" ಎಂದರು ಅವರು ಕೊನೆಯ ದಿನ. "ಕಡಲಲ್ಲಿ ಹೋದವನಿಗೆ ಹೆಣ ಇಲ್ಲ, ಸಮಾಧಿ ಇಲ್ಲ. ಸತ್ತ ದಿನ ಯಾವುದು ಅಂತಲೂ ಗೊತ್ತಿಲ್ಲ. ಅವನ ಹೆಸರಿನಲ್ಲಿ ಇಗರ್ಜಿಯಲ್ಲಿ ಪೂಜೆ ಇಡಿಸ್ಬೇಕು ಅಂದ್ರೆ ತಾಯಿ ಯಾವ ತಾರೀಕು ಹೇಳುವುದು? ಹಾಗೆ ಅವನು ಸತ್ತ ಅಂತ ಹೇಳ್ಲಿಕ್ಕೆ ಆಗುವುದಿಲ್ಲ, ಬರ್ತಾನೆ ಅಂತಲೂ ಹೇಳ್ಲಿಕ್ಕೆ ಆಗುವುದಿಲ್ಲ. ನಡುವೆ ಎಲ್ಲೋ ತಿರುಗ್ತಾ ಇದ್ದಾನೆ ಅಂತ ಹೇಳುವುದು ಸುಲಭ."

ಇದನ್ನು ಹೇಳಿದವರು ನಿವೃತ್ತರಾಗಿ, ಹಾಸಿಗೆಯ ಮೇಲೆ, ಪಾದ್ರಿಗಳ ಸಮಕ್ಷಮದಲ್ಲಿ, ಖಚಿತವಾದ ತಾರೀಕಿನಂದು ತೀರಿಕೊಂಡರು. ಅವರ ಮಗಳು ಪ್ರೆಸಿಲ್ಲಾ ಈಗ ಅದೇ ಮನೆಯಲ್ಲಿದ್ದಾಳೆ. ಶಾಲೆಯಲ್ಲಿ ಟೀಚರು. ಮನೆಯವರು ಎಷ್ಟು ಬೇಡವೆಂದರೂ ಅವಳು ಮದುವೆಯಾದದ್ದು ಇನ್ನೊಬ್ಬ ತಾರ್ವೊಟಿಯನ್ನೇ. ವಿನ್ಸೆಂಟ್, ತೈಲದ ಹಡಗಿನಲ್ಲಿ ಬೋಸನ್, ಅಂದರೆ ಡೆಕ್ಕಿನ ಕೆಲಸಗಾರರಿಗೆಲ್ಲ ಮೇಸ್ತ್ರಿ. ನನ್ನ ಫೋನಿಗೆ ಆ ಆ್ಯಪ್ ಹಾಕಿಕೊಟ್ಟವಳು ಪ್ರೆಸಿಲ್ಲಾ. ಅವಳ ಫೋನ್ ಆಗಾಗ ಕೈಕೊಡುತ್ತದೆ, ಹಾಗಾಗಿ ನನ್ನದು ಸ್ಟೆಪ್ನಿ.

ಕೆಲವು ಸಮಯದ ಹಿಂದೆ ಕೊಲ್ಲಿಯ ಕಡೆ ಗಲಾಟೆ ಶುರುವಾಗಿತ್ತಲ್ಲ, ಆಗ ಒಂದು ಬೆಳಿಗ್ಗೆ ಅವಳು ಶಾಲೆಗೆ ಹೊರಟ ಸೀರೆಯಲ್ಲೇ ಬೇಲಿ ದಾಟಿ ಬಂದಳು.

"ಸುಧಾಕರಣ್ಣ, ಇಲ್ಲಿ ನೋಡಿ. ವಿನ್ಸೆಂಟನ ಹಡಗು ವಿಮಾನ ನಿಲ್ದಾಣದಲ್ಲಿ ಉಂಟು."

ನೋಡಿದೆ. ಸುಳ್ಳಲ್ಲ. ಲಕ್ಷ ಟನ್ನಿನ ತೈಲದ ಹಡಗು ಕೊಲ್ಲಿಯ ಒಂದು ವಿಮಾನ ನಿಲ್ದಾಣದ ರನ್‌ವೇ ಮೇಲೆ ನಿಂತಿತ್ತು. ನೋಡುತ್ತಿದ್ದಂತೆ ಮರುಭೂಮಿಗೆ ಇಳಿದು, ಕಂಪಾಸಿನಲ್ಲಿ ಎಳೆದ ಹಾಗೆ ದುಂಡಗೆ ಸುತ್ತತೊಡಗಿತು. ಅದರ ಜೊತೆ ಇನ್ನೂ ಹತ್ತಿಪ್ಪತ್ತು ಹಡಗುಗಳು, ಎಲ್ಲ ಮರಳಿನ ಮೇಲೆ ಗುಂಪಾಗಿ ಪ್ರದಕ್ಷಿಣೆ ಹಾಕುತ್ತಿದ್ದವು.

ಒಪ್ಪಿಕೊಳ್ಳುತ್ತೇನೆ, ನನಗೆ ಸಂತೋಷವಾಯಿತು. ನಿವೃತ್ತಿಯ ನಂತರ ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ಕರೆಂಟು ಬಿಲ್ಲಿನ ಹಿಂಬದಿಯಲ್ಲಿ ಚಿತ್ರ ಬರೆದು ವಿವರಿಸಿದೆ. ಹಡಗು ತಾನು ಎಲ್ಲಿದ್ದೇನೆ ಎಂಬುದನ್ನು ಉಪಗ್ರಹಗಳ ಸಂಕೇತದಿಂದ ತಿಳಿಯುತ್ತದೆ. ತಿಳಿದದ್ದನ್ನು ಹೆಸರು, ದಿಕ್ಕು, ವೇಗದ ಸಮೇತ ಕೆಲವು ಸೆಕೆಂಡಿಗೊಮ್ಮೆ ರೇಡಿಯೋದಲ್ಲಿ ಸಾರುತ್ತದೆ, ಇತರರು ಬಂದು ಗುದ್ದದಿರಲಿ ಎಂದು. ದಡದ ಆಂಟೆನಾಗಳು, ದೂರ ಹೋದರೆ ಉಪಗ್ರಹಗಳು, ಅದನ್ನು ಕೇಳಿಸಿಕೊಂಡು ನಮ್ಮ ಫೋನಿಗೆ ಕಳಿಸುತ್ತವೆ. ಮೇಲಿಂದ ಬರುವ ಸಂಕೇತ ಬಹಳ ಕ್ಷೀಣ. ಯುದ್ಧದ ಕಾಲದಲ್ಲಿ ಕ್ಷಿಪಣಿ, ಡ್ರೋನುಗಳ ದಾರಿ ತಪ್ಪಿಸಲು ದಡದಿಂದ ಯಾರೋ ಅದೇ ದನಿಯಲ್ಲಿ ಇನ್ನೂ ಜೋರಾಗಿ ಸುಳ್ಳು ಹೇಳುತ್ತಾರೆ: ನೀನಿರುವುದು ಏರ್‌ಪೋರ್ಟಿನಲ್ಲಿ. ಪಾಪ, ಹಡಗು ನಂಬಿ ಅದನ್ನೇ ಊರಿಗೆಲ್ಲ ಸಾರುತ್ತದೆ. ಅಲ್ಲಿ ಹಡಗಿಲ್ಲ. ಇರುವುದು ಮರೀಚಿಕೆ, ಬೆಳಕಿನ ಬದಲು ರೇಡಿಯೋದ್ದು.

ಪ್ರೆಸಿಲ್ಲಾ ಟೀಚರು, ಪಾಠ ಪೂರ್ತಿ ಕೇಳಿದಳು. ಆಮೇಲೆ, "ಹಾಗಾದ್ರೆ ವಿನ್ಸೆಂಟ್ ಎಲ್ಲಿ?" ಎಂದಳು.

ನಾನು ಬಿಲ್ಲನ್ನು ಮಡಚಿಟ್ಟೆ.

ಸಂಜೆಯ ಹೊತ್ತಿಗೆ ಆ ಗುರುತೂ ಮಾಯವಾಯಿತು. ವಾಟ್ಸಾಪಿನಲ್ಲಿ ಕಳಿಸಿದ್ದಕ್ಕೆ ಒಂದೇ ಟಿಕ್. ಮುಂಬೈಯ ಆಫೀಸಿಗೆ ಫೋನ್ ಮಾಡಿದರೆ, ಒಂದು ಹೆಣ್ಣುದನಿ ಬಹಳ ವಿನಯದಿಂದ, ಕೊನೆಯ ಮಾಹಿತಿಯಂತೆ ಹಡಗು ಸುರಕ್ಷಿತ ಎಂದಿತು. ಕೊನೆಯ ಮಾಹಿತಿ ಯಾವಾಗಿನದ್ದು ಎಂದರೆ ಹೇಳುವಂತಿಲ್ಲ. ಎರಡನೆಯ ದಿನ ಹೀಗೇ ಹೋಯಿತು. ಮೂರನೆಯ ದಿನ ಆ ಹಡಗಿನವರ ಹೆಂಡತಿಯರ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಹುಟ್ಟಲು ಶುರುವಾಯಿತು. ಕೊಚ್ಚಿಯ ಒಬ್ಬಳ ಅಣ್ಣನ ಸ್ನೇಹಿತ ಹಡಗನ್ನು ನೋಡಿದ್ದಾನಂತೆ, ದೀಪವೇ ಇರಲಿಲ್ಲವಂತೆ. ಇನ್ನೊಬ್ಬಳಿಗೆ ಬಂದ ಸುದ್ದಿಯಲ್ಲಿ ದೀಪವಿತ್ತು, ಡೆಕ್ಕಿನಲ್ಲಿ ಜನರೇ ಇರಲಿಲ್ಲ. ನಾಲ್ಕನೆಯ ದಿನ ಸುರತ್ಕಲ್‌ನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನನಗೊಂದು ಫಾರ್ವರ್ಡ್ ಕಳಿಸಿದ: 'ಹಡಗನ್ನೇ ಸಮುದ್ರದಿಂದ ಎತ್ತಿ ಏರ್‌ಪೋರ್ಟಿನಲ್ಲಿ ಇಡುವ ಕಿರಣ ಕಂಡುಹಿಡಿದಿದ್ದಾರೆ ಎಂದು ಮಂಗಳೂರಿನ ಹಿರಿಯ ವಿಜ್ಞಾನಿ ಹೇಳಿದ್ದಾರೆ.' ಕೆಳಗೆ ಅವನ ಪ್ರಶ್ನೆ: 'ಸರ್, ಇದು ನಿಜವಾ?'

ಹಿರಿಯ ವಿಜ್ಞಾನಿ ಯಾರೆಂದು ನನಗೆ ತಡವಾಗಿ ಹೊಳೆಯಿತು: ಕರೆಂಟು ಬಿಲ್ಲಿನ ನನ್ನ ಪಾಠ ಪ್ರೆಸಿಲ್ಲಾಳಿಂದ ಆ ಗುಂಪಿಗೆ ಹೋಗಿ, ಬಾಯಿಂದ ಬಾಯಿಗೆ ಬೆಳೆದು ನನ್ನಲ್ಲಿಗೇ ಮರಳಿತ್ತು. ಜೀವನವಿಡೀ ಭೂತದ ಹಡಗುಗಳನ್ನು ಒಂದೊಂದಾಗಿ ಮುಳುಗಿಸಿದವನು ಅರುವತ್ತನಾಲ್ಕನೆಯ ವಯಸ್ಸಿನಲ್ಲಿ ಸ್ವತಃ ಒಂದನ್ನು ನೀರಿಗೆ ಇಳಿಸಿದ್ದೆ. ಈ ಕತೆಗಳಿಗೆ ಕಡಲಿನಷ್ಟೇ ದಡವೂ ಬೇಕು ಎಂದು ನನಗೆ ಆಗ ತಿಳಿಯಿತು. ಹಡಗಿನಲ್ಲಿರುವವನಿಗೆ ಕೊನೇಪಕ್ಷ ತಾನೆಲ್ಲಿದ್ದೇನೆಂದು ಗೊತ್ತಿರುತ್ತದೆ. ಕಾಯುವವರಿಗೆ ಅದೂ ಇಲ್ಲ.

ಐದನೆಯ ದಿನ ಪ್ರೆಸಿಲ್ಲಾಳ ಸ್ಥಿತಿ ನೋಡಲಾಗಲಿಲ್ಲ. ಐದು ದಿನದಿಂದ ನಿದ್ದೆಯಿಲ್ಲ, ಊಟವಿಲ್ಲ. ಹಿಂದಿನ ದಿನ ಶಾಲೆಯಲ್ಲಿ ಬೋರ್ಡಿನ ಎದುರು ಚಾಕ್ ಹಿಡಿದು ಸುಮ್ಮನೆ ನಿಂತುಬಿಟ್ಟಳಂತೆ, ಮಕ್ಕಳೇ ಹೋಗಿ ಹೆಡ್‌ಮಿಸ್ಸನ್ನು ಕರೆತಂದರಂತೆ. ಬೇಲಿಯ ಆಚೆ ಒಗೆದ ಬಟ್ಟೆ ಹರವುತ್ತಿದ್ದಳು, ಅದರಲ್ಲಿ ವಿನ್ಸೆಂಟನ ಅಂಗಿಗಳೂ ಇದ್ದವು. ಅವನು ಊರಿನಲ್ಲಿ ಇಲ್ಲದೆ ಆರು ತಿಂಗಳಾಗಿದೆ, ಆ ಅಂಗಿಗಳು ಕೊಳೆಯಾದದ್ದು ಯಾವಾಗ? ನನಗೆ ಹೆದರಿಕೆಯಾಯಿತು. ನನ್ನ ಬಾಯಿಂದ ಮಾತು ತಾನಾಗಿ ಹೊರಗೆ ಬಂತು.

"ಪ್ರೆಸಿಲ್ಲಾ, ಇವತ್ತು ಬೆಳಿಗ್ಗೆ ಐದೂವರೆಗೆ ಒಂದು ನಿಮಿಷ ಹಡಗು ಕಂಡಿತು ಮಾರಾಯ್ತಿ. ನನ್ನ ಫೋನಿನಲ್ಲಿ."

ಅವಳ ಕೈಯಲ್ಲಿದ್ದ ಅಂಗಿ ಹಾಗೇ ನಿಂತಿತು. "ಎಲ್ಲಿ?"

"ಹೊರಗೆ ಬಂದಾಗಿದೆ. ಕೊಲ್ಲಿ ದಾಟಿ, ಒಮಾನಿನ ಈಚೆ. ಹನ್ನೊಂದು ನಾಟ್ ಸ್ಪೀಡಿನಲ್ಲಿ ಉಂಟು. ದಿಕ್ಕು ನಮ್ಮ ಕಡೆಗೇ. ನೋಡ್ತಾ ಇದ್ದ ಹಾಗೆ ಹೋಯ್ತು."

ಹನ್ನೊಂದು ನಾಟ್ ಎಂಬುದನ್ನು ಯಾಕೆ ಸೇರಿಸಿದೆನೋ. ಸುಳ್ಳಿಗೂ ಒಂದು ಅಂಕಿ ಇರಲಿ ಎಂಬ ಭೌತಶಾಸ್ತ್ರದ ಸಂಸ್ಕಾರ ಇರಬೇಕು. ಅವಳು ನನ್ನ ಮುಖವನ್ನೇ ನೋಡಿದಳು. ಫೋನ್ ತೋರಿಸಿ ಎನ್ನಲಿಲ್ಲ. ಒಳಗೆ ಹೋಗಿ ಗಂಜಿ ಉಂಡು ಸಂಜೆಯವರೆಗೆ ನಿದ್ದೆ ಮಾಡಿದಳು ಎಂದು ನನ್ನ ಹೆಂಡತಿ ಹೇಳಿದಳು. ನಾಳೆ ಕೆಟ್ಟ ಸುದ್ದಿ ಬಂದರೆ ಈ ಹುಡುಗಿಯ ಮುಖ ಹೇಗೆ ನೋಡಲಿ ಎಂದು ನಾನು ರಾತ್ರಿ ಮೂರು ಸಲ ಎದ್ದು ಆ ಆ್ಯಪ್ ನೋಡಿದೆ.

ಮರುದಿನ ಬೆಳಿಗ್ಗೆ ಅವಳು ಬೇಲಿಯ ಹತ್ತಿರ ಬಂದಳು. ತಲೆ ಬಾಚಿಕೊಂಡಿದ್ದಳು.

"ಸುಧಾಕರಣ್ಣ, ನೀವು ಹೇಳಿದ್ದು ಸರಿ. ಇವತ್ತು ಐದೂವರೆಗೆ ನನಗೂ ಕಂಡಿತು. ಇನ್ನೂ ಸ್ವಲ್ಪ ಈಚೆ ಬಂದಿದೆ."

ನಾನು "ಹೌದಾ? ಒಳ್ಳೇದಾಯ್ತು" ಎಂದೆ. ಬೇರೆ ಏನು ಹೇಳುವುದು? ನಾನು ಐದು ಗಂಟೆಯಿಂದ ಆರೂವರೆಯವರೆಗೆ ಆ ನೀಲಿಯನ್ನೇ ನೋಡುತ್ತ ಕುಳಿತಿದ್ದೆ. ಅಲ್ಲಿ ಯಾವ ಹಡಗೂ ಬಂದಿರಲಿಲ್ಲ.

ಎಂಟನೆಯ ದಿನ ಮಧ್ಯಾಹ್ನ ಬೇಲಿಯ ಆಚೆಯಿಂದ ಪ್ರೆಸಿಲ್ಲಾ ಕೊಂಕಣಿಯಲ್ಲಿ ಬೊಬ್ಬೆ ಹಾಕುವುದು ಕೇಳಿಸಿತು. ಬೈಗುಳವೆಂದು ಗೊತ್ತಾದ ಕೂಡಲೇ ನನಗೆ ಸಮಾಧಾನವಾಯಿತು; ಸತ್ತವರನ್ನು ಯಾರೂ ಹಾಗೆ ಬೈಯುವುದಿಲ್ಲ. ವಿನ್ಸೆಂಟನ ಫೋನ್ ಬಂದಿತ್ತು.

ತಿಂಗಳ ನಂತರ ಅವನು ರಜೆಗೆ ಬಂದ. ಮೊದಲ ಭಾನುವಾರವೇ ನನಗೂ ನನ್ನ ಹೆಂಡತಿಗೂ ಅವರ ಮನೆಯಲ್ಲಿ ಊಟ. ಅವನು ಸಾವಕಾಶವಾಗಿ ಎಲ್ಲ ಹೇಳಿದ. ಮೊದಲ ದಿನವೇ ಜಿಪಿಎಸ್‌ಗೆ ಹುಚ್ಚು ಹಿಡಿದಿತ್ತು. ರೇಡಾರ್ ನೋಡಿ, ಕಣ್ಣಳತೆಯಲ್ಲಿ ದಡದ ಗುರುತು ಹಿಡಿದು ಹಡಗು ನಡೆಸಿದರು. ಆಮೇಲೆ ಯಾರ ಕಣ್ಣಿಗೂ ಬೀಳಬಾರದೆಂದು ಕಪ್ತಾನ ಆ ಸಾರುವ ಯಂತ್ರವನ್ನೇ ಆರಿಸಿದ. ಯಾರೂ ಜಾಗ ಬಾಯಿಬಿಡದಿರಲಿ ಎಂದು ಕೆಲಸಗಾರರ ಇಂಟರ್ನೆಟ್ಟೂ ಬಂದ್. ಲಂಗರು ಹಾಕಿ ಕೊಲ್ಲಿಯ ಒಳಗೇ ಏಳು ದಿನ ಕಾದದ್ದು, ಒಂದು ಇಂಚು ಕದಲಲಿಲ್ಲ.

ಇದನ್ನು ಹೇಳಿ ವಿನ್ಸೆಂಟ್ ಇಡ್ಲಿಯಂಥ ಸನ್ನದ ತುಂಡು ಸಾರಿಗೆ ಅದ್ದಿದವನು ತಟ್ಟನೆ ತಲೆಯೆತ್ತಿದ. "ಅಲ್ಲ ಸುಧಾಕರಣ್ಣ, ಒಮಾನಿನ ಈಚೆ ನಮ್ಮ ಹಡಗು ಕಂಡಿತು ಅಂತ ಇವಳು ಹೇಳ್ತಾಳೆ. ಅದು ಹೇಗೆ ಮಾರ್ರೆ? ಸಾಧ್ಯವೇ ಇಲ್ಲ. ನಾವು ಅಲ್ಲಿ ಇರಲೇ ಇಲ್ಲ. ಅದರ ಮೇಲೆ ಮೆಷಿನ್ನೇ ಆಫ್."

ನಾನು ಸನ್ನ ಮುರಿಯುವುದರಲ್ಲಿ ಮಗ್ನನಾದೆ. ಪ್ರೆಸಿಲ್ಲಾ ನನ್ನ ಕಡೆ ನೋಡಲಿಲ್ಲ. ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸುತ್ತ, ಮಕ್ಕಳಿಗೆ ಮಗ್ಗಿ ಹೇಳಿಕೊಡುವ ದನಿಯಲ್ಲಿ, "ನೀನು ಹಡಗಿನ ಒಳಗೆ ಇದ್ದವನು, ನಿನಗೆ ಎಂತ ಗೊತ್ತು? ನಾವಿಬ್ಬರೂ ನೋಡಿದ್ದೇವೆ. ಅಲ್ವಾ ಸುಧಾಕರಣ್ಣ?" ಎಂದಳು.

"ನೋಡಿದ್ದೇವೆ" ಎಂದೆ ನಾನು.